ಆನೆಕಾಲಿನ ಜ್ವರ ಹೊಕ್ಕುವುದು ಬೆರಳ ಸಂದಿನಿಂದ

ಆನೆಕಾಲಿನ ರೋಗಿ ಬಂದು ಕೂತರೆ ನಾನು ಅಳತೆಯ ಟೇಪು ಹಿಡಿಯುವ ಮೊದಲು ಟಾರ್ಚ್ ಹಿಡಿಯುತ್ತೇನೆ. ಕಾಲು ಎಷ್ಟು ದಪ್ಪವಾಗಿದೆ ಎಂಬುದು ಅವರಿಗೂ ಗೊತ್ತು, ನನಗೂ ಕಾಣುತ್ತದೆ. ಕಾಣದೆ ಉಳಿಯುವುದು ನಾಲ್ಕನೇ ಮತ್ತು ಐದನೇ ಬೆರಳ ನಡುವಿನ ಸಂದು. ಮುಂದಿನ ಚಳಿಜ್ವರ ಬಹುತೇಕ ಅಲ್ಲಿಂದಲೇ ಹೊರಡುತ್ತದೆ.

ಫೈಲೇರಿಯಾ ಹುಳ ಕ್ಯೂಲೆಕ್ಸ್ ಸೊಳ್ಳೆಯಿಂದ ಬಂದು ದುಗ್ಧರಸದ ನಾಳಗಳಲ್ಲಿ ಬೀಡು ಬಿಟ್ಟು ಅವನ್ನು ಕೆಡಿಸುತ್ತದೆ. ಕಾಲು ಗಟ್ಟಿಯಾಗಿ ಊದಿ ವರ್ಷಗಳಾದವರಲ್ಲಿ ರಾತ್ರಿ ರಕ್ತಪರೀಕ್ಷೆ ಮಾಡಿದರೆ ಹೆಚ್ಚಿನಂಶ ಹುಳದ ಮರಿಗಳು ಸಿಗುವುದಿಲ್ಲ. ಹುಳ ಹೋದರೂ ಹಾಳಾದ ನಾಳ ಸರಿಹೋಗುವುದಿಲ್ಲ. ರಸ ಕಾಲಿನಲ್ಲೇ ನಿಲ್ಲುತ್ತದೆ, ರೋಗಾಣುಗಳ ವಿರುದ್ಧ ಕಾದಾಡುವ ಕಣಗಳೂ ಸಲೀಸಾಗಿ ಓಡಾಡಲಾರವು. ಬೇರೆಯವರಲ್ಲಿ ತಾನಾಗಿ ಒಣಗುವ ಸಣ್ಣ ಬಿರುಕು ಇವರಲ್ಲಿ ಇಡೀ ಕಾಲನ್ನು ಕೆಂಪಗೆ ಸುಡುವ ಜ್ವರವಾಗುತ್ತದೆ. ಹೀಗೆ ಬಂದ ಪ್ರತಿ ಜ್ವರವೂ ಇನ್ನಷ್ಟು ನಾಳಗಳನ್ನು ಕೆಡಿಸಿ, ಚರ್ಮವನ್ನು ಇನ್ನಷ್ಟು ದಪ್ಪ ಮಾಡಿ ಹೋಗುತ್ತದೆ. ಆದ್ದರಿಂದ ಜ್ವರ ತಡೆದರೆ ಬಾವು ಬೆಳೆಯುವುದೂ ಬಹುಮಟ್ಟಿಗೆ ನಿಲ್ಲುತ್ತದೆ.

ಯಾದಗಿರಿ ಕಡೆ ನಾರಾಯಣಪುರ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳ ಕಾಲನ್ನು ಉದಾಹರಣೆಗೆ ಹೇಳುತ್ತೇನೆ. ಎಡಗಾಲು, ಕಣಕಾಲಿನ ಮೇಲೆ ಎರಡು ಆಳವಾದ ಮಡಿಕೆ, ಪಾದದ ಮೇಲೆ ಗಂಟುಗಂಟಾದ ಚರ್ಮ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತೆ ಊದಿದ್ದವು. ನಾಟಿಯ ಕಾಲ ಬಂತೆಂದರೆ ಜ್ವರ. "ದಿನಾ ಜಳಕ ಮಾಡ್ತೀನ್ರೀ, ಕಾಲು ತಿಕ್ಕಿ ತೊಳೀತೀನಿ" ಎಂದರು. ಅದು ನಿಜವೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಮೂರು ಸಂದುಗಳಲ್ಲಿ ಚರ್ಮ ಬೆಳ್ಳಗೆ ನೆನೆದು, ಸುಲಿದು, ಅಡಿಯಲ್ಲಿ ಕೆಂಪು ಗೀರು ಕಾಣುತ್ತಿತ್ತು, ವಾಸನೆಯೂ ಇತ್ತು. ಕೆಸರುಹುಣ್ಣು. ತೊಳೆಯುವುದರಲ್ಲಿ ಕೊರತೆ ಇರಲಿಲ್ಲ, ಒರೆಸುವುದರಲ್ಲಿತ್ತು. ನನ್ನ ಲೆಕ್ಕದಲ್ಲಿ ಈ ಆರೈಕೆಯ ಮುಕ್ಕಾಲು ಪಾಲು ಒರೆಸುವುದೇ.

ತೊಳೆಯುವ ಕ್ರಮ ಹೀಗೆ. ಕುಡಿಯಲು ಬಳಸುವಂಥ ಶುದ್ಧ ನೀರು, ತಣ್ಣೀರೇ ಸಾಕು. ಬಿಸಿನೀರು ಹಿತವೆನಿಸಿದರೂ ರಕ್ತದ ಓಟ ಹೆಚ್ಚಿಸಿ ಬಾವು ಏರಿಸುತ್ತದೆ. ಮೊದಲು ನೀರು ಹಾಕದೆ ಬೆಳಕಿನಲ್ಲಿ ಬೆರಳ ಸಂದು, ಮಡಿಕೆಯ ಆಳ, ಉಗುರ ಅಂಚು, ಅಂಗಾಲು ನೋಡಿಕೊಳ್ಳಬೇಕು. ನೋಡಲು ಬಗ್ಗಲಾಗದವರಿಗೆ ಮನೆಯವರು ನೋಡಬೇಕು, ಇಲ್ಲವೇ ನೆಲದ ಮೇಲೊಂದು ಕನ್ನಡಿ ಇಟ್ಟುಕೊಳ್ಳಬೇಕು. ಕಾಲು ಒದ್ದೆ ಮಾಡಿ, ಸಾಧಾರಣ ಮೈ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿ, ಮೊಣಕಾಲಿನಿಂದ ಕೆಳಕ್ಕೆ ಹಚ್ಚುತ್ತ ಬರಬೇಕು. ಸೋಪಿನ ತುಂಡನ್ನೇ ಚರ್ಮಕ್ಕೆ ಉಜ್ಜಬಾರದು. ಬ್ರಷ್, ಕಲ್ಲು, ತೆಂಗಿನ ನಾರು ಬೇಡವೇ ಬೇಡ. ಸಂದುಗಳಿಗೆ ಬೆರಳು ಹೋಗದಿದ್ದರೆ ಹಳೆಯ ಪಂಚೆಯ ಮೆತ್ತನೆ ಪಟ್ಟಿಯೊಂದನ್ನು ಒದ್ದೆ ಮಾಡಿ, ಸೋಪು ಸವರಿ, ಬೆರಳ ನಡುವೆ ತೂರಿಸಿ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಬೇಕು. ಗರಗಸದಂತೆ ಹಿಂದೆ ಮುಂದೆ ಎಳೆದರೆ ಚರ್ಮ ಕೊಯ್ಯುತ್ತದೆ. ಬೀಳುವ ನೀರು ತಿಳಿಯಾಗುವವರೆಗೂ ಸೋಪು ಹೋಗಬೇಕು. ಮಡಿಕೆಯಲ್ಲಿ ಉಳಿದ ಸೋಪೂ ಚರ್ಮ ಕೆರಳಿಸುತ್ತದೆ.

ಆಮೇಲೆ ಒಣಗಿಸುವುದು. ಮೆತ್ತನೆ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಪ್ರತಿ ಸಂದಿಗೂ ಬಟ್ಟೆಯ ಬೇರೆ ಒಣ ಭಾಗ. ತೂರಿಸಿದ ಬಟ್ಟೆ ಹೊರಬಂದಾಗ ತೇವ ಹತ್ತದಿದ್ದರೆ ಮಾತ್ರ ಒಣಗಿದೆ ಎಂದು ಲೆಕ್ಕ. ಬಳಿಕ ಕಾಲನ್ನು ಸ್ಟೂಲ್ ಮೇಲಿಟ್ಟು ಸ್ವಲ್ಪ ಹೊತ್ತು ಫ್ಯಾನ್ ಗಾಳಿಗೆ ಬಿಡಬೇಕು. ಬೆರಳುಗಳು ಮತ್ತೆ ಅಂಟಿಕೊಳ್ಳುವಂತಿದ್ದರೆ ನಡುವೆ ಗಾಜ್ ಬಟ್ಟೆಯ ಸಣ್ಣ ಮಡಿಕೆ ಇಟ್ಟು, ಅದು ಒದ್ದೆಯಾದಾಗಲೆಲ್ಲ ಬದಲಿಸಬೇಕು.

ಸಂದಿನ ಹುಣ್ಣಿಗೆ ನಾವು ಕೊಡುವುದು ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ 1% ಮುಲಾಮು, ದಿನಕ್ಕೆರಡು ಬಾರಿ, ಮಾಯವಾಗುವಷ್ಟು ತೆಳುವಾಗಿ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಬೇಗ ಗುಣವಾಗಲೆಂದು ದಪ್ಪಗೆ ಮೆತ್ತುತ್ತಾರೆ, ಆಗ ಸಂದು ಮತ್ತೆ ತೇವವಾಗಿ ಶಿಲೀಂಧ್ರಕ್ಕೇ ಅನುಕೂಲ. ಇಲ್ಲವೇ ತುರಿಕೆ ನಿಂತ ಕೂಡಲೇ ಬಿಟ್ಟುಬಿಡುತ್ತಾರೆ. ಕಣ್ಣಿಗೆ ಗುಣವಾದಂತೆ ಕಂಡ ಮೇಲೂ ಒಂದೆರಡು ವಾರ ಹಚ್ಚಬೇಕು. ವಿಟ್‌ಫೀಲ್ಡ್ ಮುಲಾಮು ಅಗ್ಗ, ಕೆಲಸವನ್ನೂ ಮಾಡುತ್ತದೆ, ಆದರೆ ಅದರಲ್ಲಿ ಆಮ್ಲವಿದೆ. ಹಸಿ ಗಾಯಕ್ಕೆ ಹಚ್ಚಿದರೆ ಉರಿಯಿಂದ ರೋಗಿ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಸಂದು ರಸ ಸುರಿಸುತ್ತಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಡಿಸುತ್ತೇವೆ: 400 ಮಿ.ಗ್ರಾಂನ ಒಂದು ಮಾತ್ರೆಗೆ 4 ಲೀಟರ್ ನೀರು, ಬಣ್ಣ ತಿಳಿಗುಲಾಬಿ. ನೇರಳೆ ಬಣ್ಣ ಬಂದರೆ ಗಾಢವಾಯಿತೆಂದು ಅರ್ಥ. ಕರಗದ ಹರಳು ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅರಿಶಿನದ ಲೇಪ, ನೀರು ಬೆರೆಸದ ಡೆಟಾಲ್, ಗಂಟುಗಳನ್ನು ಬ್ಲೇಡಿನಿಂದ ಹೆರೆಯುವುದು, ಇವು ಮೂರೂ ಜ್ವರ ತಂದಿರುವುದನ್ನು ನೋಡಿದ್ದೇನೆ.

ಆ ಹೆಣ್ಣುಮಗಳಿಗೆ ಕೆಲಸ ಬಿಡಿ ಎನ್ನುವುದು ಸುಲಭ, ಆದರೆ ಕೂಲಿಯನ್ನು ನಾವು ಕೊಡುವುದಿಲ್ಲ. ಆದ್ದರಿಂದ ಒಪ್ಪಂದ ಇಷ್ಟು: ಸಂದಿನಲ್ಲಿ ಹಸಿ ಗಾಯವಿರುವಷ್ಟು ದಿನ ಗದ್ದೆಗಿಳಿಯದೆ ಬದುವಿನ ಮೇಲಿನ ಕೆಲಸ, ಗುಣವಾದ ಮೇಲೆ ಇಳಿದರೂ ಮನೆಗೆ ಬಂದ ತಕ್ಷಣ ತೊಳೆದು ಒಣಗಿಸುವುದು, ರಾತ್ರಿಯವರೆಗೆ ಕಾಯದೆ. ಗಮ್‌ಬೂಟು ಆ ಕಾಲಿಗೆ ಹಿಡಿಸುವುದಿಲ್ಲ, ಹಿಡಿಸಿದರೂ ಒಳಗೆ ನೀರು ನಿಂತರೆ ಗದ್ದೆಗಿಂತ ಕೆಡುಕು. ರಾತ್ರಿ ಹಾಸಿಗೆಯ ಕಾಲಿನ ಕಡೆ ಎತ್ತರಿಸಿ ಮಲಗುವುದು, ಕೂತಾಗ ಪಾದವನ್ನು ಮೇಲೆ ಕೆಳಗೆ ಆಡಿಸುವುದು ಇವೂ ಸೇರಿದವು. ಮಲಗಿದರೆ ಉಸಿರುಕಟ್ಟುವವರು, ಹೃದಯದ ತೊಂದರೆಯವರು ವೈದ್ಯರನ್ನು ಕೇಳದೆ ಕಾಲೆತ್ತಿ ಮಲಗಬಾರದು.

ಮೊದಲು ಹೋದದ್ದು ವಾಸನೆ, ಆಮೇಲೆ ಸಂದಿನ ಬಿಳುಪು. ಕಾಲಿನ ಸುತ್ತಳತೆ ಅಷ್ಟೇನೂ ಇಳಿಯಲಿಲ್ಲ. ಇಳಿಯುತ್ತದೆಂದು ನಾವು ಮಾತು ಕೊಟ್ಟಿರಲೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನಕ್ಕೆ ಗುರುತು ಹಾಕಿಸುತ್ತೇವೆ, ನಮಗೆ ಅದೇ ಅಳತೆ.

ಜ್ವರ ಬಂದೇಬಿಟ್ಟರೆ ಆರೈಕೆಯ ಕ್ರಮ ಬೇರೆ. ತೊಡೆಸಂದಿನಲ್ಲಿ ಗಡ್ಡೆ ನೋವು, ನಡುಕ, ಕಾಲು ಕೆಂಪಾಗಿ ಬಿಸಿಯಾಗುವುದು ಕಂಡ ಕೂಡಲೇ ವ್ಯಾಯಾಮ, ಪಟ್ಟಿ ಕಟ್ಟುವುದು ಎಲ್ಲ ನಿಲ್ಲಬೇಕು. ಕಾಲೆತ್ತಿ ಮಲಗಿ, ತಣ್ಣೀರ ಬಟ್ಟೆ ಹಾಕಿ, ನೀರು ಚೆನ್ನಾಗಿ ಕುಡಿದು, ಪ್ಯಾರಾಸಿಟಮಾಲ್ ತೆಗೆದುಕೊಂಡು ಅದೇ ದಿನ ವೈದ್ಯರ ಬಳಿ ಹೋಗಬೇಕು. ಬೇಕಾಗಿರುವುದು ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಪೆನಿಸಿಲಿನ್ ಒಗ್ಗುವವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಜ್ವರ ಬಿಟ್ಟರೂ ಬರೆದಷ್ಟು ದಿನ ಪೂರ್ತಿ. ವರ್ಷಕ್ಕೊಮ್ಮೆ ಮನೆಗೆ ಬಂದು ಕೊಡುವ ಡಿಇಸಿ ಮಾತ್ರೆ ಫೈಲೇರಿಯಾ ಹುಳಕ್ಕೆ, ಈ ಜ್ವರಕ್ಕಲ್ಲ. ಜ್ವರಕ್ಕೂ ಆಗುತ್ತದೆಂದುಕೊಂಡು ಎತ್ತಿಟ್ಟು ನುಂಗುವವರಿದ್ದಾರೆ. ತೊದಲುವುದು, ಎಚ್ಚರ ತಪ್ಪುವುದು, ವಾಂತಿ ನಿಲ್ಲದಿರುವುದು, ಚರ್ಮ ಕಪ್ಪಾಗುವುದು ಕಂಡರೆ ದೊಡ್ಡಾಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಸಂದುಗಳೆಲ್ಲ ಒಣಗಿದ ಮೇಲೂ ಆ ಹೆಣ್ಣುಮಗಳಿಗೆ ಬೇಸಿಗೆಯಲ್ಲಿ ಜ್ವರ ಬಂತು. ಗದ್ದೆಯಲ್ಲಿ ನೀರಿರಲಿಲ್ಲ. ರಕ್ತದ ಸಕ್ಕರೆ ನೋಡಿದೆವು, ಸರಿಯಿತ್ತು. ಕಾಲು ತಿರುಗಿಸಿದಾಗ ಹಿಮ್ಮಡಿಯಲ್ಲಿ ರಕ್ತ ಕಾಣುವಷ್ಟು ಆಳದ ಒಡಕು. ಮಳೆಗಾಲದಲ್ಲಿ ತೇವ ತೆರೆದ ಬಾಗಿಲನ್ನು ಬೇಸಿಗೆಯಲ್ಲಿ ಒಣಗುವಿಕೆ ತೆರೆದಿತ್ತು. ಅಂದಿನಿಂದ ತೊಳೆದು ಒರೆಸಿದ ಮೇಲೆ ಹಿಮ್ಮಡಿಗೆ ಮತ್ತು ಮೊಣಕಾಲಿನ ಕೆಳಗಿನ ಒಣ ಚರ್ಮಕ್ಕೆ ವ್ಯಾಸಲೀನ್, ಬೆರಳ ಸಂದಿಗೆ ಮಾತ್ರ ಎಣ್ಣೆ ಜಿಡ್ಡು ಏನೂ ಇಲ್ಲ. ಇಷ್ಟರ ಮೇಲೂ ವರ್ಷದಲ್ಲಿ ಹಲವು ಸಲ ಜ್ವರ ಬರುವವರಿಗೆ ಮೂರು ವಾರಕ್ಕೊಮ್ಮೆ ಬೆಂಜಾಥಿನ್ ಪೆನಿಸಿಲಿನ್ 12 ಲಕ್ಷ ಯೂನಿಟ್ ಚುಚ್ಚುಮದ್ದನ್ನು ವೈದ್ಯರು, ಅಲರ್ಜಿ ವಿಚಾರಿಸಿಕೊಂಡು, ಆಸ್ಪತ್ರೆಯಲ್ಲೇ ಕೊಡುತ್ತಾರೆ. ಅದನ್ನು ಶುರುಮಾಡುವ ಮೊದಲು ಇನ್ನೊಮ್ಮೆ ಟಾರ್ಚ್ ಹಿಡಿದು ಉಗುರಿನ ಅಂಚು, ಮಡಿಕೆಯ ತಳ ಹುಡುಕುತ್ತೇವೆ.