ಗೋಡೆಯ ಫೋಟೊ ಅಳಿಸಿಹೋದರೆ ಮಾಲೀಕರಿಗೆ ಪತ್ರ ಬರೆಯುವುದು ಹೇಗೆ?

ಬಾಡಿಗೆ ಮನೆಯಲ್ಲಿ ನೀರು ಜಿನುಗಿ ಹಾಳಾದ ಗೋಡೆಯ ಫೋಟೊಗಳು ಫೋನಿನಿಂದ ಹೋಗಿಬಿಟ್ಟಿದ್ದರೆ, ಮೊದಲು ಅಳಿಸಿದ ಚಿತ್ರಗಳ ಫೋಲ್ಡರನ್ನೂ ಯಾರಿಗಾದರೂ ಕಳಿಸಿದ್ದ ಹಳೆಯ ಸಂದೇಶಗಳನ್ನೂ ನೋಡಿ. ಅಲ್ಲೂ ಸಿಗದಿದ್ದರೆ ಇವತ್ತೇ ಹೊಸ ಫೋಟೊ ತೆಗೆಯಿರಿ. ಆದರೆ ಅದು ತೋರಿಸುವುದು ಇವತ್ತಿನ ಗೋಡೆಯನ್ನು ಮಾತ್ರ. ಕಲೆ ಯಾವಾಗ ಶುರುವಾಯಿತು, ಹೇಗೆ ಹರಡಿತು ಎಂಬುದನ್ನು ಪತ್ರದಲ್ಲಿ ಬರೆದೇ ತಿಳಿಸಬೇಕು.

ಅಳತೆ ಟೇಪು, ಪೆನ್ಸಿಲ್ ಹಿಡಿದು ಗೋಡೆಯ ಮುಂದೆ ನಿಲ್ಲಿ. ಕಲೆ ನೆಲದಿಂದ ಎಷ್ಟು ಎತ್ತರಕ್ಕೆ ಏರಿದೆ, ಯಾವ ಮೂಲೆಯಿಂದ ಎಷ್ಟು ದೂರ ಹರಡಿದೆ ಎಂದು ಅಳೆಯಿರಿ. ಅಂಚಿನುದ್ದಕ್ಕೂ ತೆಳುವಾಗಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದು ಅರ್ಥ. ಒರೆಸಿದಾಗ ಕೈಗೆ ಬಿಳಿ ಪುಡಿ ಅಂಟಿದರೆ ಅದು ನೀರಿನ ಜೊತೆ ಹೊರಬಂದ ಉಪ್ಪಿರಬಹುದು. ಫೋಟೊದಲ್ಲಿ ಸದ್ದು, ವಾಸನೆ, ತಣ್ಣನೆಯ ಸ್ಪರ್ಶ ಇರುವುದಿಲ್ಲ, ಇವನ್ನು ಬಿಡದೆ ಬರೆಯಿರಿ. ಒದ್ದೆಯ ಹತ್ತಿರ ಸ್ವಿಚ್‌ಬೋರ್ಡ್ ಇದ್ದರೆ ಗೋಡೆಯನ್ನೂ ಬೋರ್ಡನ್ನೂ ಮುಟ್ಟಲೇಬೇಡಿ. ಆ ವಿಷಯ ಪತ್ರದ ಮೊದಲ ಸಾಲಿನಲ್ಲೇ ಬರಲಿ.

ಬಚ್ಚಲಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆ ಎಂದಿಟ್ಟುಕೊಳ್ಳಿ. ‘ಗೋಡೆ ತುಂಬಾ ಹಾಳಾಗಿದೆ’ ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. ಹೀಗೆ ಬರೆಯಿರಿ:

‘ಮಾನ್ಯರೇ, ಮಲಗುವ ಕೋಣೆಯಲ್ಲಿ ಬಚ್ಚಲ ಕಡೆಯ ಗೋಡೆ ಒದ್ದೆಯಾಗಿದೆ. ಕಲೆ ನೆಲದಿಂದ ಮೂರು ಅಡಿ ಎತ್ತರ, ಬಾಗಿಲ ಚೌಕಟ್ಟಿನಿಂದ ನಾಲ್ಕು ಅಡಿ ಅಗಲ ಇದೆ. ಬಚ್ಚಲ ನಲ್ಲಿ ಇರುವ ನೇರಕ್ಕೆ ಬಣ್ಣ ಉಬ್ಬಿ, ಅಂಗೈಯಗಲ ಗಾರೆ ಉದುರಿದೆ. ಉಳಿದ ಭಾಗ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮಳೆ ಇಲ್ಲದ ದಿನಗಳಲ್ಲೂ ಒದ್ದೆ ಆರುತ್ತಿಲ್ಲ. ಹಿಂದೆ ತೆಗೆದ ಫೋಟೊಗಳು ಫೋನಿನಿಂದ ಅಳಿಸಿಹೋಗಿವೆ. ನನ್ನ ನೆನಪಿನಂತೆ, ಮೊದಲು ಕಂಡಾಗ ಕಲೆ ನೆಲದಿಂದ ಒಂದು ಗೇಣು ಮಾತ್ರ ಇತ್ತು. ಕೊಳಾಯಿ ಕೆಲಸದವರನ್ನು ಕರೆಸಿ ಪರೀಕ್ಷಿಸಬೇಕೆಂದು ಕೋರುತ್ತೇನೆ.’

ಇದರಲ್ಲಿ ‘ನೆನಪಿನಂತೆ’ ಎಂಬ ಮಾತು ಬಹಳ ಮುಖ್ಯ. ಇವತ್ತು ಅಳೆದದ್ದನ್ನೂ ನೆನಪಿನಿಂದ ಹೇಳುವುದನ್ನೂ ಕಲಸಿಬಿಟ್ಟರೆ, ಒಂದು ತಪ್ಪು ಸಿಕ್ಕ ಕೂಡಲೇ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ತಾರೀಖು ನೆನಪಿಲ್ಲದಿದ್ದರೆ ಊಹಿಸಬೇಡಿ. ‘ಹಬ್ಬದ ಮುಂಚೆ’, ‘ಮೊದಲ ಮಳೆಯ ವಾರ’ ಎಂದರೆ ಸಾಕು. ಆಗ ಗೋಡೆ ನೋಡಿದ್ದ ನೆರೆಯವರಿದ್ದರೆ, ಅವರನ್ನು ಕೇಳಿ ಒಪ್ಪಿಸಿ ಹೆಸರು ಸೇರಿಸಿ.

‘ಪೈಪ್ ಒಡೆದಿದೆ’ ಎಂದು ನೀವೇ ತೀರ್ಮಾನ ಬರೆಯಬೇಡಿ. ಬಚ್ಚಲ ನೆಲದ ಸಂದಿನಿಂದಲೂ ನೀರು ಇಳಿಯಬಹುದು. ಮಳೆ ಬಂದಾಗ ಮಾತ್ರ ಹೆಚ್ಚಾಗುತ್ತದೆಯೇ, ಸದಾ ಒದ್ದೆಯೇ ಎಂಬ ಮಾಹಿತಿಯೇ ಕೆಲಸದವರಿಗೆ ಹೆಚ್ಚು ನೆರವಾಗುತ್ತದೆ.

ಸಹಿ, ದಿನಾಂಕ ಹಾಕಿ ಪ್ರತಿ ಇಟ್ಟುಕೊಳ್ಳಿ, ತಲುಪಿದ್ದಕ್ಕೆ ಗುರುತು ಪಡೆಯಿರಿ. ವಾರದ ನಂತರ ಕಲೆ ಪೆನ್ಸಿಲ್ ಗೆರೆ ದಾಟಿದ್ದರೆ, ಎಷ್ಟು ದಾಟಿದೆ ಎಂದು ಅಳೆದು ಎರಡನೆಯ ಪತ್ರ ಕಳಿಸಿ.