‘ಸುಮ್ಮನಿರುವ’ ಹೆಪಟೈಟಿಸ್ ಬಿ: ಔಷಧಿಗೆ ಮೊದಲಿನ ಕಾಯುವಿಕೆ

ಯಕೃತ್ತಿನ ರೋಗಿಗಳನ್ನು ನೋಡುವ ನನಗೆ ಹೆಚ್ಚು ಯೋಚನೆ ಹಚ್ಚುವವರು ಕಾಮಾಲೆಯಿಂದ ಬರುವವರಲ್ಲ, ರಕ್ತದಾನದ ವೇಳೆ ಹೆಪಟೈಟಿಸ್ ಬಿ ಪತ್ತೆಯಾಗಿ ಯಾವ ತೊಂದರೆಯೂ ಇಲ್ಲದೆ ಬರುವವರು. ಮೂವತ್ತೈದರ ಆಸುಪಾಸಿನ ಒಬ್ಬ ವ್ಯಾಪಾರಿ ಹಾಗೆ ಬಂದಿದ್ದರು. ವೈರಸ್ ಬಿರುಸಾಗಿ ಬೆಳೆಯುವಾಗ ರಕ್ತದಲ್ಲಿ ಕಾಣುವ ಪ್ರೋಟೀನ್ ಆದ ಇ-ಆಂಟಿಜೆನ್ ನೆಗೆಟಿವ್, ಯಕೃತ್ತಿಗೆ ಪೆಟ್ಟಾದಾಗ ಏರುವ ಕಿಣ್ವವಾದ ಎಎಲ್‌ಟಿ 27, ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ತೋರುವ ಅದರ ಡಿಎನ್‌ಎ ಮಿಲಿಲೀಟರಿಗೆ 1,400 ಅಂತಾರಾಷ್ಟ್ರೀಯ ಯೂನಿಟ್, ಅಂದರೆ ಐಯು. ಅವರ ತಂದೆ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ಬಾಲ್ಯದಲ್ಲೇ ಸೋಂಕು ತಗುಲಿದವರಲ್ಲಿ ಮೊದಲು ವೈರಸ್ ವಿಪರೀತವಾಗಿದ್ದರೂ ಯಕೃತ್ತು ಶಾಂತವಾಗಿರುತ್ತದೆ. ಮುಂದೆ ದೇಹ ಎದುರಿಸತೊಡಗಿದಾಗ ಎಎಲ್‌ಟಿ ಏರುತ್ತದೆ. ಇ-ಆಂಟಿಜೆನ್ ಮಾಯವಾದ ಮೇಲೆ ಅನೇಕರಲ್ಲಿ ಎರಡೂ ತಗ್ಗುತ್ತವೆ. ಆದರೆ ಕೆಲವರಲ್ಲಿ ರೂಪಾಂತರಗೊಂಡ ವೈರಸ್ ಇ-ಆಂಟಿಜೆನ್ ಇಲ್ಲದೆಯೇ ಮತ್ತೆ ಹೆಚ್ಚುತ್ತದೆ, ಅದೂ ಅಲೆ ಅಲೆಯಾಗಿ. ಎರಡು ಅಲೆಗಳ ನಡುವೆ ರಕ್ತ ತೆಗೆದರೆ ವರದಿ ನಿಷ್ಕ್ರಿಯ ಸೋಂಕಿನಂತೆಯೇ ಕಾಣುತ್ತದೆ. ಹಾಗಾಗಿ ಒಂದು ವರದಿ ನೋಡಿ ‘ಏನೂ ಇಲ್ಲ’ ಎಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ ಎಎಲ್‌ಟಿ, ಜೊತೆಗೆ ಆಗಾಗ ಡಿಎನ್‌ಎ ಮಾಡಿಸುತ್ತೇನೆ.

ಮುಂದಿನ ಭೇಟಿಯಲ್ಲಿ ಎಎಲ್‌ಟಿ 62ಕ್ಕೆ ಏರಿತ್ತು, ಡಿಎನ್‌ಎ ಲಕ್ಷದ ಹತ್ತಿರವಿತ್ತು. ಆದರೆ ಆ ಲ್ಯಾಬ್ ಎಣಿಕೆಯನ್ನು ‘ಕಾಪಿ’ಗಳಲ್ಲಿ ಕೊಟ್ಟಿತ್ತು, ಒಂದು ಐಯು ಸುಮಾರು ಐದಾರು ಕಾಪಿಗೆ ಸಮ, ಆದ್ದರಿಂದ ನಿಜವಾದ ಎಣಿಕೆ ಹದಿನೆಂಟು ಸಾವಿರ ಐಯುವಿನಷ್ಟು. ಅದೂ ಕಡಿಮೆಯೇನಲ್ಲ. ಮದ್ಯ, ಕೊಬ್ಬಿನ ಯಕೃತ್ತು, ನಾಟಿ ಔಷಧಿ, ಹೆಪಟೈಟಿಸ್ ಸಿ ಯಾವುದೂ ಕಾರಣವಲ್ಲವೆಂದು ಖಚಿತವಾದ ಮೇಲೆ ಪುನಃ ಪರೀಕ್ಷಿಸಿದೆವು. ಏರಿಕೆ ಹಾಗೆಯೇ ಇತ್ತು. ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ 8.4 ಕಿಲೋಪಾಸ್ಕಲ್ ತೋರಿಸಿತು. ಉರಿಯೂತವಿದ್ದಾಗ ಈ ಅಂಕಿ ತಾನಾಗಿಯೇ ಹೆಚ್ಚುವುದರಿಂದ ಅದೊಂದನ್ನೇ ನಾನು ನೆಚ್ಚಲಿಲ್ಲ. ಆದರೆ ಡಿಎನ್‌ಎ 2,000 ಐಯು ದಾಟಿ ಎಎಲ್‌ಟಿಯೂ ಏರಿಯೇ ಇದ್ದರೆ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ. ತಂದೆಯ ಕ್ಯಾನ್ಸರ್ ನನ್ನಲ್ಲಿ ಉಳಿದಿದ್ದ ಅನುಮಾನವನ್ನೂ ಕಳೆಯಿತು.

ಟೆನೊಫೊವಿರ್ 300 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಬರೆಯುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿದೆ, ಏಕೆಂದರೆ ಎಚ್‌ಐವಿ ಇರುವವರಿಗೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಆ ವೈರಸ್ ಔಷಧಿಗೆ ಬಗ್ಗದಂತಾಗಬಹುದು. ಮೂತ್ರಪಿಂಡ ದುರ್ಬಲವಿದ್ದಿದ್ದರೆ ಎಂಟೆಕಾವಿರ್ ಅಥವಾ ಈ ಔಷಧಿಯದೇ ಇನ್ನೊಂದು ರೂಪವಾದ ಟೆನೊಫೊವಿರ್ ಅಲಾಫೆನಮೈಡ್ ಯೋಚಿಸುತ್ತಿದ್ದೆ.

ವರ್ಷದೊಳಗೆ ಡಿಎನ್‌ಎ ಪತ್ತೆಯಾಗದಷ್ಟು ಇಳಿಯಿತು. “ಡಾಕ್ಟ್ರೇ, ವೈರಸ್ ಹೋಯ್ತಲ್ಲ, ಇನ್ನು ಮಾತ್ರೆ ಬಿಡಬಹುದಾ?” ಎಂದು ಕೇಳಿದರು. ಮಾತ್ರೆ ಹೊಸ ವೈರಸ್ಸಿನ ತಯಾರಿಯನ್ನು ತಡೆಯುತ್ತದೆಯೇ ಹೊರತು ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ಕುಳಿತ ಮೂಲವನ್ನು ಕೀಳುವುದಿಲ್ಲ. ಸೋಂಕು ಉಳಿದಿದೆಯೆಂದು ತೋರುವ ಎಚ್‌ಬಿಎಸ್-ಆಂಟಿಜೆನ್ ಇನ್ನೂ ಪಾಸಿಟಿವ್ ಇರುವಾಗ ದಿಢೀರನೆ ನಿಲ್ಲಿಸಿದರೆ ರೋಗ ತೀವ್ರವಾಗಿ ಮರುಕಳಿಸಿ ಯಕೃತ್ತೇ ಸೋಲಬಹುದು ಎಂದು ವಿವರಿಸಿದೆ. ಮಾತ್ರೆ ಮುಂದುವರಿಯುತ್ತಿದೆ. ಔಷಧಿ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಅವರ ಅಲ್ಟ್ರಾಸೌಂಡ್ ಮಾಡಿಸುತ್ತೇನೆ.