ವಾಚಿನ ಗಾಜಿನೊಳಗೆ ಮಬ್ಬು: ಒಂದು ಮಳೆಗಾಲದ ನನ್ನ ಅನುಭವ

ನಮ್ಮ ಉಡುಪಿ ಕಡೆ ಜೂನ್ ಬಂತೆಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಡಬ್ಬದ ತಳದಲ್ಲಿ ನೀರು ನಿಂತಿರುತ್ತದೆ. ಅಂಥದ್ದೊಂದು ಬೆಳಿಗ್ಗೆ ಬೈಕಿನಲ್ಲಿ ಆಫೀಸಿಗೆ ಹೋಗಿ, ರೈನ್‌ಕೋಟ್ ಕಳಚಿ, ಎಸಿ ಕೆಳಗೆ ಕೂತೆ. ಟೈಮ್ ನೋಡೋಣ ಎಂದರೆ ವಾಚಿನಲ್ಲಿ ಮುಳ್ಳೇ ಕಾಣಿಸಲಿಲ್ಲ. ಬೆರಳಿಂದ ಒರೆಸಿದೆ, ಹೋಗಲಿಲ್ಲ. ಮಬ್ಬು ಇದ್ದದ್ದು ಗಾಜಿನ ಒಳಗೆ.

ಅದು ಸೆಲ್ ಹಾಕುವ ಸಾಧಾರಣ ಕ್ವಾರ್ಟ್ಜ್ ವಾಚು. ಹಿಂದೆ ನೀರು ತಡೆಯುವ ಅಳತೆ 50 ಮೀಟರ್ ಎಂದು ಬರೆದಿತ್ತು. ಎಂಟು ಹತ್ತು ನಿಮಿಷಕ್ಕೆ ಮಬ್ಬು ತಾನಾಗಿಯೇ ಕರಗಿತು. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಬಂತು. ಮೂರನೇ ದಿನವೂ ಬಂದಾಗ ಇದನ್ನು ಸುಮ್ನೆ ಬಿಡಬಾರದು ಅನ್ನಿಸಿತು.

ಮೊದಲು ಮಬ್ಬು ಯಾಕೆ ಬರುತ್ತದೆ ಎನ್ನುವುದನ್ನು ಹೇಳುತ್ತೇನೆ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ವಾಚಿನೊಳಗೆ ಗಾಳಿ ಇದೆ, ಆ ಗಾಳಿಯಲ್ಲಿ ಕಣ್ಣಿಗೆ ಕಾಣದ ಹಾಗೆ ನೀರಿನ ಅಂಶ ಇದೆ. ಗಾಳಿ ಬಿಸಿಯಾಗಿದ್ದಾಗ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ತಣ್ಣಗಾದಾಗ ಕಡಿಮೆ. ವಾಚಿನ ಹಿಂಬದಿ ಕೈಗೆ ತಾಗಿ ಬೆಚ್ಚಗಿರುತ್ತದೆ. ಮೇಲಿನ ಗಾಜಿಗೆ ಎಸಿ ಗಾಳಿ ಬಡಿಯುತ್ತದೆ. ಒಳಗೆ ತಣ್ಣಗಾದ ಜಾಗ ಗಾಜು ಒಂದೇ. ಹಾಗಾಗಿ ನೀರು ಅಲ್ಲಿ ಹೋಗಿ ಕೂರುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂತ ಹಾಗೆ.

ಆದರೆ ಆ ನೀರು ಎಷ್ಟು? ಇದೇ ಮುಖ್ಯ ಪ್ರಶ್ನೆ. ವಾಚಿನೊಳಗೆ ಇರುವ ಗಾಳಿ ಹೆಚ್ಚೆಂದರೆ ಒಂದೆರಡು ಮಿಲಿಲೀಟರ್. 30 ಡಿಗ್ರಿ ಬಿಸಿಯಲ್ಲಿ ಒಂದು ಮಿಲಿಲೀಟರ್ ಗಾಳಿ ಪೂರ್ತಿ ತೇವವಾಗಿದ್ದರೂ ಅದರಲ್ಲಿರುವ ನೀರು ಸುಮಾರು 0.03 ಮಿಲಿಗ್ರಾಂ ಮಾತ್ರ. ನಲ್ಲಿಯಿಂದ ಬೀಳುವ ಒಂದು ಹನಿ ಸುಮಾರು 50 ಮಿಲಿಗ್ರಾಂ. ಅಂದರೆ ಒಂದೇ ಹನಿ ನೀರು ಒಳಗೆ ಹೋದರೂ ಅದು ಗಾಳಿಯಲ್ಲಿರುವ ತೇವಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ. ಹಾಗಾಗಿ ಮಬ್ಬಿನ ರೂಪ ನೋಡಿಯೇ ಎಷ್ಟೋ ಗೊತ್ತಾಗುತ್ತದೆ. ತೆಳ್ಳಗೆ ಹಾಲಿನ ಬಣ್ಣದ ಪರದೆ ಬಂದು, ಕೆಲವೇ ನಿಮಿಷದಲ್ಲಿ ಮಾಯವಾದರೆ ಅದು ಬರೀ ಗಾಳಿಯ ತೇವ ಇರಬಹುದು. ಗಾಜಿನ ಒಳಗೆ ಬಿಡಿ ಬಿಡಿ ಹನಿ ಕಂಡರೆ, ಗಂಟೆಗಟ್ಟಲೆ ಹೋಗದಿದ್ದರೆ, ನೀರೇ ಒಳಗೆ ಹೋಗಿದೆ.

ನನ್ನದು ಮೊದಲ ಜಾತಿ. ಆದರೂ ಎರಡು ಸಾಧ್ಯತೆ ಉಳಿಯಿತು. ಮೇ ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ, ಒಂದು ಅಂಗಡಿಯಲ್ಲಿ ಸೆಲ್ ಬದಲಾಯಿಸಿದ್ದೆ. ಅವತ್ತಿನ ಒದ್ದೆ ಗಾಳಿ ಒಳಗೆ ಸಿಕ್ಕಿಕೊಂಡಿರಬಹುದು. ಹಾಗಿದ್ದರೆ ವಾಚಿಗೆ ಏನೂ ಕೆಟ್ಟಿಲ್ಲ, ಒಮ್ಮೆ ಒಣಗಿಸಿದರೆ ಆಯಿತು. ಇಲ್ಲವೇ ಎಲ್ಲೋ ಸಂದಿಯಿದ್ದು, ಪ್ರತಿ ಮಳೆಗೂ ಹೊಸ ತೇವ ಒಳಗೆ ಬರುತ್ತಿರಬಹುದು. ಇವೆರಡನ್ನು ಬೇರೆ ಮಾಡಲು ಒಂದೇ ದಾರಿ: ಒಮ್ಮೆ ಪೂರ್ತಿ ಒಣಗಿಸಿ, ಮತ್ತೆ ಬರುತ್ತದಾ ಎಂದು ನೋಡುವುದು.

ಒಣಗಿಸಲು ನಾನು ಬಳಸಿದ್ದು ಸಿಲಿಕಾ ಜೆಲ್. ಶೂ ಡಬ್ಬದಿಂದ ತೆಗೆದಿಟ್ಟ ಹಳೆಯ ಪೊಟ್ಟಣಗಳು ಇದ್ದವು, ಆದರೆ ಅವು ಉಪಯೋಗಕ್ಕಿಲ್ಲ. ವರ್ಷಗಟ್ಟಲೆ ನಮ್ಮ ಗಾಳಿಯಲ್ಲಿ ಬಿದ್ದು ಅವು ಆಗಲೇ ನೀರು ಕುಡಿದು ತುಂಬಿರುತ್ತವೆ. ಕ್ಯಾಮೆರಾ ಇಡುವವರು ಬಳಸುವ, ಬಣ್ಣ ಬದಲಾಗುವ ಕಿತ್ತಳೆ ಕಾಳು ತಂದೆ. ಒಣಗಿದ್ದಾಗ ಕಿತ್ತಳೆ, ತೇವ ತುಂಬಿದಾಗ ಹಸಿರು. ಹಸಿರಾದ ಮೇಲೆ 110ರಿಂದ 120 ಡಿಗ್ರಿ ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಕಾಳೂ ಸಿಗುತ್ತದೆ. ಅದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆಗೆ ಹಾಕಬೇಡಿ.

ರಬ್ಬರ್ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಒಂದು ಹಿಡಿ ಕಾಳು, ಅದರ ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ವಾಚು. ಟೈಮ್ ತಿರುಗಿಸುವ ಗುಂಡಿಯನ್ನು ಪೂರ್ತಿ ಹೊರಗೆ ಎಳೆದಿಟ್ಟೆ. ಹಾಗೆ ಮಾಡಿದರೆ ತೇವ ಹೊರಬರಲು ಸ್ವಲ್ಪವಾದರೂ ದಾರಿ ಸಿಗುತ್ತದೆ. ಎರಡು ದಿನ ಮುಟ್ಟಲಿಲ್ಲ. ಡಬ್ಬದಿಂದ ತೆಗೆದ ಕೂಡಲೇ ಗುಂಡಿಯನ್ನು ಒಳಗೆ ಒತ್ತಿದೆ. ಇದನ್ನು ಮರೆತರೆ ಎರಡು ದಿನದ ಕೆಲಸ ಹಾಳು.

ಆಮೇಲೆ ಹನಿ ಪರೀಕ್ಷೆ ಮಾಡಿದೆ. ವಾಚ್ ತಯಾರಿಸುವವರ ಅಂತರರಾಷ್ಟ್ರೀಯ ನಿಯಮದಲ್ಲೂ ಇಂಥದೇ ಪರೀಕ್ಷೆ ಇದೆ. ಅಲ್ಲಿ ವಾಚನ್ನು 40ರಿಂದ 45 ಡಿಗ್ರಿ ಬಿಸಿ ತಟ್ಟೆಯ ಮೇಲೆ ಇಟ್ಟು, ಗಾಜಿನ ಮೇಲೆ ತಣ್ಣೀರಿನ ಹನಿ ಹಾಕಿ, ಒಂದು ನಿಮಿಷದ ನಂತರ ಒರೆಸಿ, ಒಳಗೆ ಮಬ್ಬು ಬಂದಿದೆಯಾ ಎಂದು ನೋಡುತ್ತಾರೆ. ಮನೆಯಲ್ಲಿ ಬಿಸಿ ತಟ್ಟೆಯ ಸಾಹಸ ಬೇಡ. ಅರ್ಧ ಗಂಟೆ ಕೈಗೆ ಕಟ್ಟಿಕೊಂಡು, ಮೇಲೆ ತೋಳು ಮುಚ್ಚಿ ಬೆಚ್ಚಗೆ ಮಾಡಿದೆ. ಗಾಜಿನ ನಡುವೆ ಮಡಕೆಯ ತಣ್ಣೀರಿನ ಒಂದು ದಪ್ಪ ಹನಿ ಬಿಟ್ಟೆ. ನಿಮಿಷ ಕಳೆದು ಒರೆಸಿದಾಗ ಗಾಜು ಸ್ವಚ್ಛ. ಒಣಗಿಸುವ ಮೊದಲು ಮಾಡಿದ್ದಾಗ ಹನಿ ಕೂತಿದ್ದ ಕಡೆಯೇ ನಾಲ್ಕಾಣೆಯಷ್ಟು ಅಗಲಕ್ಕೆ ಬಿಳಿ ಕಲೆ ಮೂಡಿತ್ತು.

ಇನ್ನು ನಿಜವಾದ ಪರೀಕ್ಷೆ. ಎರಡು ದಿನ ಮಳೆಯಲ್ಲೇ ಕಟ್ಟಿಕೊಂಡು ಹೋದೆ. ಎರಡನೇ ದಿನ ಸಂಜೆ ಹನಿ ಹಾಕಿದಾಗ ಬಿಳಿ ಕಲೆ ಮತ್ತೆ ಬಂತು. ಸಿಕ್ಕಿಕೊಂಡ ಗಾಳಿ ಅಲ್ಲ, ಸಂದಿಯೇ ಇದೆ ಎಂದು ಖಚಿತವಾಯಿತು. ಇಲ್ಲಿ ಎಷ್ಟೋ ಜನ ಮತ್ತೆ ಮತ್ತೆ ಒಣಗಿಸಿ ಕಟ್ಟಿಕೊಳ್ಳುತ್ತಾರೆ. ಒಣಗಿಸುವುದು ಸೋರುವ ಮಾಡಿನ ಕೆಳಗೆ ನೆಲ ಒರೆಸಿದ ಹಾಗೆ. ಹೆಂಚು ಸರಿ ಮಾಡದೆ ಅದು ನಿಲ್ಲುವುದಿಲ್ಲ.

ವಾಚಿಗೆ ನೀರು ಬರುವ ಬಾಗಿಲು ಮೂರೇ: ಗಾಜಿನ ಅಂಚು, ಗುಂಡಿ, ಹಿಂಬದಿ ಮುಚ್ಚಳ. ಗಾಜಿನಲ್ಲಿ ಬಿರುಕಿರಲಿಲ್ಲ. ಮೊದಲು ತೆರೆದದ್ದು ಹಿಂಬದಿಯೇ ಆದ್ದರಿಂದ ಅದನ್ನೇ ನೋಡಿದೆ. ನನ್ನಲ್ಲಿ ಮುಚ್ಚಳ ಎಬ್ಬಿಸುವ ಚಾಕು ಇದೆ. ಅಂಚಿನಲ್ಲಿ ಉಗುರು ಸಿಗುವಷ್ಟು ಒಂದು ಸಣ್ಣ ತುಟಿ ಇರುತ್ತದೆ, ಅಲ್ಲಿ ಕೊಟ್ಟು ತಿರುಗಿಸಿದರೆ ಟಕ್ ಎಂದು ಎದ್ದು ಬರುತ್ತದೆ. ಒಳಗೆ ನೂಲಿನಷ್ಟು ತೆಳ್ಳಗಿನ ಕಪ್ಪು ರಬ್ಬರ್ ವಾಶರ್. ಸುತ್ತಲೂ ತನ್ನ ತೋಡಿನಲ್ಲಿ ಸರಿಯಾಗಿ ಕೂತಿತ್ತು. ಏಳು ಗಂಟೆಯ ಅಂಕೆಯ ಕಡೆ ಮಾತ್ರ ತೋಡಿನಿಂದ ಹೊರಗೆ ಜಾರಿ, ಮುಚ್ಚಳದ ಅಂಚಿಗೆ ಸಿಕ್ಕಿ, ಅಕ್ಕಿ ಕಾಳಿನಷ್ಟು ಉದ್ದ ಚಪ್ಪಟೆಯಾಗಿತ್ತು. ಬೆರಳಲ್ಲಿ ಸ್ವಲ್ಪ ಎಳೆದಾಗ ಆ ಜಾಗದಲ್ಲೇ ಬಿರಿಯಿತು. ಸೆಲ್ ಹಾಕಿ ಮುಚ್ಚುವಾಗ ವಾಶರ್ ಸರಿಯಾಗಿ ಕೂತಿದೆಯಾ ಎಂದು ಯಾರೂ ನೋಡಿರಲಿಲ್ಲ.

ಬಿಚ್ಚುವುದು ಸುಲಭ, ಮುಚ್ಚುವುದು ಕಷ್ಟ. ಹೆಬ್ಬೆರಳಲ್ಲಿ ಒತ್ತಿದರೆ ಓರೆಯಾಗಿ ಕೂರುತ್ತದೆ, ಜೋರು ಮಾಡಿದರೆ ಗಾಜೇ ಒಡೆಯಬಹುದು. ಹೊಸ ವಾಶರಿನ ಅಳತೆಯೂ ಕಣ್ಣಂದಾಜಿಗೆ ಸಿಗುವುದಿಲ್ಲ. ನಾನು ವಾಚನ್ನು ಹಾಗೇ ಡಬ್ಬದಲ್ಲಿಟ್ಟು ರಿಪೇರಿಯವರ ಹತ್ತಿರ ಹೋದೆ. ಅವರು ಅದೇ ವ್ಯಾಸ, ಅದೇ ದಪ್ಪದ ವಾಶರ್ ಹುಡುಕಿ, ಸಿಲಿಕೋನ್ ಗ್ರೀಸಿನ ತೆಳು ಕೈ ಹಚ್ಚಿ, ಪ್ರೆಸ್ಸಿನಲ್ಲಿಟ್ಟು ಮುಚ್ಚಿದರು. ಗುಂಡಿಯ ವಾಶರನ್ನೂ ಬದಲಾಯಿಸಿ ಎಂದು ನಾನೇ ಹೇಳಿದೆ. ರಬ್ಬರ್ ಬೆವರು, ಸೋಪು, ಬಿಸಿನೀರಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. 50 ಮೀಟರ್ ಎಂಬ ಬರಹ ಹೊಸ ವಾಶರಿಗೆ ಸಲ್ಲುವ ಮಾತು, ಹಳೆಯದಕ್ಕಲ್ಲ.

ಅದೇ ವರ್ಷ ಇನ್ನೊಂದು ವಾಚಿನ ಕತೆ ಬೇರೆಯಾಯಿತು. ಅಪ್ಪನ ಚಾವಿ ಕೊಡುವ ಎಚ್‌ಎಂಟಿ. ತಮ್ಮ ಅದನ್ನು ಕಟ್ಟಿಕೊಂಡೇ ನಾಟಿಯ ದಿನ ಗದ್ದೆಗೆ ಇಳಿದಿದ್ದ. ಗಾಜಿನೊಳಗೆ ಮಬ್ಬಲ್ಲ, ಹನಿಗಳೇ ಇದ್ದವು. ಬಿಸಿಲಿಗೆ ಇಟ್ಟ, ಹನಿ ಹೋಯಿತು, ಸರಿಯಾಯಿತು ಎಂದುಕೊಂಡ. ಮೂರನೇ ದಿನ ನನ್ನ ಹತ್ತಿರ ತಂದದ್ದು, ವಾಚು ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿದೆ ಎಂದು.

ನಾನು ಮುಚ್ಚಳ ತೆಗೆಯಲಿಲ್ಲ. ನೇರ ಅಂಗಡಿಗೆ ಒಯ್ದೆ. ಅಂಗಡಿಯ ಹಿರಿಯರು ಐಗ್ಲಾಸ್ ಸಿಕ್ಕಿಸಿಕೊಂಡು ನೋಡಿ, "ಎಂತ ಮಾರಾಯ್ರೇ, ಮೂರು ದಿನ ಯಾಕೆ ಇಟ್ಟುಕೊಂಡದ್ದು?" ಎಂದರು. ಐಗ್ಲಾಸ್ ನನಗೂ ಕೊಟ್ಟರು. ಚಾವಿಯ ಕಡ್ಡಿಯ ಮೇಲೆ, ಅದರ ಪಕ್ಕದ ಸಣ್ಣ ಸ್ಪ್ರಿಂಗಿನ ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ತುಕ್ಕು. ಟೈಮ್ ಹಿಡಿದಿಡುವ ಚಕ್ರವನ್ನು ಆಚೀಚೆ ಆಡಿಸುವ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗ್, ಅದರ ಎರಡು ಸುತ್ತು ಒಂದಕ್ಕೊಂದು ಅಂಟಿದ್ದವು. ಸುತ್ತು ಅಂಟಿದಾಗ ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗಿ, ಆ ಚಕ್ರ, ಅಂದರೆ ಬ್ಯಾಲೆನ್ಸ್ ವೀಲ್, ಬೇಗ ಬೇಗ ಆಡುತ್ತದೆ. ವಾಚು ಮುಂದೆ ಓಡಿದ್ದು ಅದಕ್ಕೇ.

"ಬಿಸಿಲಿಗೆ ಇಟ್ಟರೆ ನೀರು ಎಲ್ಲಿಗೆ ಹೋಗ್ತದೆ ಹೇಳಿ? ಗಾಜಿಂದ ಎದ್ದು ಮಷಿನಿಗೆ ಕೂರ್ತದೆ, ಅಷ್ಟೇ," ಎಂದರು ಅವರು.

ಹೇರ್‌ಡ್ರೈಯರ್ ಹಿಡಿಯುವವರಿಗೂ ಇದೇ ಮಾತು. ಬಿಸಿಗೆ ಎಣ್ಣೆ ಜಾರುತ್ತದೆ, ಹಳೆಯ ಡಯಲಿನ ಬಣ್ಣ ಏಳುತ್ತದೆ, ನೀರು ಒಳಗೇ ಜಾಗ ಬದಲಿಸುತ್ತದೆ. ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ. ಅಕ್ಕಿ ತೇವ ಎಳೆಯುವುದು ತೀರಾ ನಿಧಾನ, ಅದರ ಹಿಟ್ಟು ಮಾತ್ರ ಗುಂಡಿಯ ಸಂದಿಗೆ ಸೇರುತ್ತದೆ.

ಆ ಎಚ್‌ಎಂಟಿಯ ಮಷಿನ್ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಕೊಟ್ಟು, ಕಡ್ಡಿ ಮತ್ತು ಸ್ಪ್ರಿಂಗ್ ಹೊಸದು ಹಾಕಲು ಎರಡು ವಾರ ಹಿಡಿಯಿತು. ಮೊದಲ ದಿನವೇ ಹೋಗಿದ್ದರೆ ತೊಳೆದು ಎಣ್ಣೆ ಕೊಡುವಲ್ಲಿಗೆ ಮುಗಿಯುತ್ತಿತ್ತು.

ಹಾಗಾಗಿ ಈಗ ನನ್ನ ಲೆಕ್ಕ ಹೀಗೆ. ತೆಳು ಮಬ್ಬು, ಬೇಗ ಹೋಗುವುದು, ಆದರೆ ವಾಚಿಗೆ ನೀರು ತಾಗಿಲ್ಲ: ಒಮ್ಮೆ ಒಣಗಿಸಿ ನೋಡುತ್ತೇನೆ. ಒಣಗಿಸಿದ ಮೇಲೂ ಬಂದರೆ ಆ ವಾರದೊಳಗೆ ವಾಶರ್. ಹನಿ ಕಂಡರೆ ಅದೇ ದಿನ ಅಂಗಡಿ. ಹೋಗುವ ತನಕ ಚಾವಿ ಕೊಡುವುದಿಲ್ಲ, ಟೈಮ್ ತಿರುಗಿಸುವುದಿಲ್ಲ. ಸೆಲ್ಲಿನ ವಾಚಾದರೆ ಸೆಲ್ ಮೊದಲು ತೆಗೆಸಬೇಕು. ಒದ್ದೆಯಲ್ಲಿ ಕರೆಂಟ್ ಹರಿದರೆ ಕೂದಲಿಗಿಂತ ತೆಳ್ಳಗಿನ ಕಾಯಿಲ್ ತಂತಿ ತಿಂದುಹೋಗುತ್ತದೆ. ಮಲ್ಪೆಯ ಸಮುದ್ರದಲ್ಲಿ ಒದ್ದೆಯಾದದ್ದಾದರೆ ಗಂಟೆಗಳ ಲೆಕ್ಕ. ಸಿಹಿನೀರು ಆರಿಹೋಗುತ್ತದೆ, ಉಪ್ಪು ಆರುವುದಿಲ್ಲ, ಅಲ್ಲೇ ಕೂತು ತೇವ ಎಳೆಯುತ್ತಲೇ ಇರುತ್ತದೆ. ಅಂಗಡಿಯವರಿಗೆ ಉಪ್ಪುನೀರು ಎಂದು ಮೊದಲೇ ಹೇಳಬೇಕು. ಆಗ ಅವರು ಒಣಗಿಸುವ ಬದಲು ತೊಳೆಯಲು ಹೊರಡುತ್ತಾರೆ.

ಕ್ವಾರ್ಟ್ಜ್ ವಾಚಿಗೆ ವಾಶರ್ ಹಾಕಿಸಿ ಎರಡು ಮಳೆಗಾಲ ಕಳೆಯಿತು, ಎಸಿ ಕೆಳಗೆ ಮಬ್ಬು ಬಂದಿಲ್ಲ. ಸೆಲ್ ಈಗ ಜನವರಿಯಲ್ಲೇ ಬದಲಾಯಿಸುತ್ತೇನೆ, ಗಾಳಿ ಒಣಗಿರುವಾಗ. ಮೇ ಕೊನೆಗೆ ಒಂದು ಹನಿ ಹಾಕಿ ನೋಡುತ್ತೇನೆ. ಅಪ್ಪನ ಎಚ್‌ಎಂಟಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಿತ್ತಳೆ ಕಾಳಿನ ಡಬ್ಬದಲ್ಲಿರುತ್ತದೆ. ಭಾನುವಾರ ತೆಗೆದು ಚಾವಿ ಕೊಟ್ಟು, ಸ್ವಲ್ಪ ಹೊತ್ತು ಕಿವಿಗೆ ಹಿಡಿದು, ಮತ್ತೆ ಒಳಗಿಡುತ್ತೇನೆ.